ಫೋನು ಅಡುಗೆಮನೆಯಲ್ಲಿ, ಮಾತು ಜಗಲಿಯಲ್ಲಿ

ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಮುರುಗಪ್ಪ ಶ್ರವಣಯಂತ್ರ ಹಾಕಿಕೊಂಡು ಒಂದು ವಾರವಾಗಿತ್ತು. ಚಮಚ ಬಿದ್ದರೂ ಗುಡುಗಿದಂತೆ ಕೇಳುತ್ತಿತ್ತು. ನಾಳೆಯಿಂದ ಇದು ಡಬ್ಬಿಯಲ್ಲೇ ಇರಲಿ ಎಂದು ತೀರ್ಮಾನಿಸಿ ಜಗಲಿಯಲ್ಲಿ ಕೂತಿದ್ದ.

ಚಿತ್ರದುರ್ಗದಲ್ಲಿ ಕಿವಿ ಪರೀಕ್ಷಿಸಿದ ಕಾವ್ಯಶ್ರೀ ಯಂತ್ರವನ್ನು ಅವನ ಹೊಸ ಫೋನಿಗೆ ಜೋಡಿಸಿ ಕೊಟ್ಟಿದ್ದಳು. “ಹೊಸ ನಮೂನೆ ಬ್ಲೂಟೂತ್ ಇದು, ಬ್ಯಾಟರಿ ಕಮ್ಮಿ ತಿಂತೈತೆ. ಫೋನಿನ ಮಾತು, ಹಾಡು ಎಲ್ಲಾ ನೇರ ಕಿವಿಗೇ ಬರ್ತವೆ. ನಿಮ್ಮ ಮಾತನ್ನೂ ಕಿವೀಲಿರೋ ಮೈಕೇ ಕಳಿಸ್ತೈತೆ, ಫೋನ್ ಹತ್ರ ಹಿಡೀಬೇಕಿಲ್ಲ,” ಎಂದಿದ್ದಳು. ಮುರುಗಪ್ಪ ತಲೆಯಾಡಿಸಿ ಅಲ್ಲೇ ಮರೆತಿದ್ದ.

ಅಡುಗೆಮನೆಯಲ್ಲಿ ಚಾರ್ಜಿಗಿಟ್ಟಿದ್ದ ಅವನ ಫೋನು ರಿಂಗಾಯಿತು. ಹೆಂಡತಿ ರುದ್ರಮ್ಮ ಎತ್ತಿದಳು. ಹಿರಿಯೂರಿನಿಂದ ಕರೆ ಮಾಡಿದ್ದ ಅವಳ ತಂಗಿ ನಾಗರತ್ನಳ ದನಿ ಮಾತ್ರ ಜಗಲಿಯಲ್ಲಿದ್ದ ಮುರುಗಪ್ಪನ ಎರಡೂ ಕಿವಿಯಲ್ಲಿ ಮೊಳಗಿತು.

“ಅಕ್ಕಾ, ಭಾವ ಮಿಷಿನ್ ಹಾಕ್ಕಂಡವ್ರಾ? ಇನ್ನಾದ್ರೂ ಬಾಯಿಬಿಟ್ಟು ಮಾತಾಡೇ. ಗೋಡೆಗೆ ಎಷ್ಟು ಸಲ ಹೇಳ್ಲಿ ಅಂತ ಅತ್ತಿದ್ಯಲ್ಲ, ನನ್ನ ಮನಸ್ಸು ತಡೀಲಿಲ್ಲ.”

ಮುರುಗಪ್ಪ ಕಂಬದ ಕಡೆ ತಿರುಗಿ, “ಗೋಡೇನೇ ಮಾತಾಡ್ತಾ ಐತೆ ಕಣಮ್ಮ,” ಎಂದ.

“ಅಯ್ಯೋ, ಭಾವಾ!” ಎಂದು ನಾಗರತ್ನ ಫೋನಿಟ್ಟಳು.

ರುದ್ರಮ್ಮ ಹೊರಗೆ ಬಂದಳು. “ಏನ್ರೀ, ಫೋನ್ ಕೆಟ್ಟೈತೆ. ಹಲೋ ಹಲೋ ಅಂದ್ರೂ ಒಂದು ಮಾತೂ ಕೇಳ್ಲಿಲ್ಲ.”

“ನಂಗೆ ಕೇಳ್ತು. ಬಾ, ಕುಂತ್ಕ. ಏನೇನು ಹೇಳೋದು ಬಾಕಿ ಐತೆ, ಹೇಳು.”

ಅವಳು ಅವನ ಮುಖ ನೋಡಿ ಕೂತಳು. ಒಳಗೆ ಹಾಲು ಉಕ್ಕಿದ ಸದ್ದು ಇಬ್ಬರಿಗೂ ಕೇಳಿಸಿತು, ಯಾರೂ ಏಳಲಿಲ್ಲ.