ನಾಲ್ಕನೇ ಪ್ರೆಸ್ಸಿನ ನಿಂಬೆಹಣ್ಣುಗಳು

ಮಾಲೂರಿನ ನಮ್ಮ ಕಾರ್ಖಾನೆಯಲ್ಲಿ, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಬರೆದಿಡಲು ಒಂದು ರಿಜಿಸ್ಟರ್ ಇದೆ. ಹೋದ ವರ್ಷ ಅದರಲ್ಲಿ ಬರೆದವನಿಗೆ ಓವರ್‌ಟೈಮ್ ನಿಂತುಹೋಯಿತು. ಆಮೇಲೆ ಯಾರೂ ಅದರ ತಂಟೆಗೆ ಹೋಗಲಿಲ್ಲ. ಸೇಫ್ಟಿ ಆಫೀಸರ್ ಆದ ನಾನು ತಗಡು ಕತ್ತರಿಸುವ ಪ್ರೆಸ್‌ಗಳಿಗೆ ಕೈ ಸಿಕ್ಕದಂತೆ ಗಾರ್ಡ್ ಹಾಕಿಸಲು ಹಣ ಕೇಳಿ ಮೂರು ಪತ್ರ ಬರೆದೆ. ಮ್ಯಾನೇಜರ್ ವೇಣುಗೋಪಾಲ್ ಅವರದು ಮೂರಕ್ಕೂ ಒಂದೇ ಉತ್ತರ.

"ರಿಜಿಸ್ಟರ್ ಖಾಲಿ ಐತಲ್ಲ ವಾಣಿಶ್ರೀ, ಹೆಡ್ ಆಫೀಸಲ್ಲಿ ಏನಂತ ಹಣ ಕೇಳ್ಲಿ?"

ಕೋಪದಲ್ಲಿ ಹೊರಗೆ ಬಂದವಳ ಕಣ್ಣಿಗೆ ನಾಲ್ಕನೇ ಪ್ರೆಸ್ ಬಿತ್ತು. ಅದರ ಕಂಬಕ್ಕೆ ಏಳು ನಿಂಬೆಹಣ್ಣು ಕಟ್ಟಿದ್ದರು. ಕೆಲವು ಒಣಗಿ ಕಪ್ಪಾಗಿದ್ದವು.

"ಇಷ್ಟೊಂದು ಯಾಕಮ್ಮ?" ಎಂದು ಅದನ್ನು ನಡೆಸುವ ಮಾಸ್ತಿಯ ಮುನಿಲಕ್ಷ್ಮಿಯನ್ನು ಕೇಳಿದೆ.

"ಕೈ ಉಳಿದಾಗೆಲ್ಲ ಒಂದು ಕಟ್ತೀನಿ ಮೇಡಂ. ಒಂದ್ಸಲ ಪೆಡಲ್ ತುಳಿದ್ರೆ ಇದು ಒಂದೊಂದ್ ಟೈಮು ಎರಡು ಏಟು ಹೊಡೀತೈತೆ. ಮೊನ್ನೆ ಗ್ಲೌಸ್ ತುದಿ ಹೋಯ್ತು."

ಅವಳ ಹತ್ತೂ ಬೆರಳನ್ನು ಹಿಡಿದು ನೋಡಿದೆ. ಅಲ್ಲೇ ಪ್ರೆಸ್ಸಿನ ಕರೆಂಟು ತೆಗೆಸಿ, ಬೀಗ ಹಾಕಿಸಿ, ನಾಲ್ಕನೇ ಪತ್ರ ಬರೆದೆ. ತಗಡು ಮಾತ್ರ ತೂರುವಷ್ಟು ಸಂದಿನ, ಬೆರಳು ಹೋಗದ ಗಾರ್ಡ್ ಬೇಕು. ಎರಡೇಟಿಗೆ ಕಾರಣವಾದ ಕ್ಲಚ್ ರಿಪೇರಿ ಆಗಬೇಕು. ಜೊತೆಗೆ ಕಂಬದ ಏಳೂ ನಿಂಬೆಹಣ್ಣು ಬಿಚ್ಚಿ ಲಗತ್ತಿಸಿದೆ. ಒಂದೊಂದು ಹಣ್ಣಿಗೂ ಚೀಟಿ ಅಂಟಿಸಿ, ಮುನಿಲಕ್ಷ್ಮಿ ಹೇಳಿದಂತೆ ಕೈ ಉಳಿದ ವಾರ, ಶಿಫ್ಟು ಬರೆದಿದ್ದೆ.

ವೇಣುಗೋಪಾಲ್ ಅವರು ಕವರು ಬಿಚ್ಚಿ ನಕ್ಕೇ ನಕ್ಕರು. "ಹೆಡ್ ಆಫೀಸಿಗೆ ಉಪ್ಪಿನಕಾಯಿ ಕಳಿಸ್ಲಾ? ಇಪ್ಪತ್ತು ವರ್ಷ ಪ್ರೆಸ್ ನಡೆಸಿದವನು ನಾನು. ಬೀಗ ತೆಗೆಸ್ರಿ, ತೋರಿಸ್ತೀನಿ."

"ತೆಗೆಸಲ್ಲ ಸಾರ್."

"ಮ್ಯಾನೇಜರ್ ಯಾರ್ರೀ ಇಲ್ಲಿ?"

ಅವರು ನೇರ ಪ್ರೆಸ್ಸಿನ ಹತ್ತಿರ ಹೋದರು. ಅವರ ಮಾತಿಗೆ ಹೆದರಿ ಫಿಟರ್ ಗಂಗಾಧರ್ ಬೀಗ ತೆಗೆದು ಕರೆಂಟು ಕೊಟ್ಟ. ನಾನು ಜಗಳವಾಡುತ್ತಲೇ ಅವರ ಪಕ್ಕಕ್ಕೆ ಬಂದು ನಿಂತೆ. ವೇಣುಗೋಪಾಲ್ ಅವರು ತಗಡಿಟ್ಟು ಒಮ್ಮೆ ಪೆಡಲ್ ತುಳಿದರು. ಪ್ರೆಸ್ ಒಮ್ಮೆ ಬಡಿದು ಮೇಲೇರಿತು. "ನೋಡಿದ್ರಾ?" ಎಂದು ತುಂಡು ತೆಗೆಯಲು ಬಗ್ಗಿದರು. ನಾನು ಅವರ ತೋಳನ್ನು ಹಿಡಿದು ಎಳೆದೆ. ಅವರ ಜೇಬಿನ ಪೆನ್ನು ಒಳಗೆ ಜಾರಿತು. ಪೆಡಲ್ ಮುಟ್ಟದೆಯೇ ಪ್ರೆಸ್ ಮತ್ತೆ ಬಡಿಯಿತು.

ಪೆನ್ನು ಹಪ್ಪಳವಾಗಿತ್ತು.

ಗಂಗಾಧರ್ ಓಡಿಹೋಗಿ ಕರೆಂಟು ತೆಗೆದು ಮತ್ತೆ ಬೀಗ ಹಾಕಿದ. ಮ್ಯಾನೇಜರ್ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮುನಿಲಕ್ಷ್ಮಿ ಊಟದ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಅವರ ಮುಂದೆ ಹಿಡಿದಳು.

"ಕಟ್ಟಿ ಸಾರ್. ಕೈ ಉಳೀತು."

ಅವರು ಅದನ್ನು ಕಟ್ಟಲಿಲ್ಲ. ರಿಜಿಸ್ಟರ್ ತರಿಸಿ, ಆವತ್ತಿನ ತಾರೀಕು ಹಾಕಿ, ನಡೆದದ್ದನ್ನು ತಮ್ಮ ಹೆಸರಲ್ಲೇ ಬರೆದರು. ಕೆಳಗೆ ಮುನಿಲಕ್ಷ್ಮಿಯ ಏಳನ್ನೂ ಸೇರಿಸಿದರು. ಆಮೇಲೆ ನನ್ನ ಪತ್ರದ ಮೇಲೆ 'ತಕ್ಷಣ ಮಂಜೂರಾಗಬೇಕು' ಎಂದು ಬರೆದು ಸಹಿ ಹಾಕಿ ಹೆಡ್ ಆಫೀಸಿಗೆ ಕಳಿಸಿದರು. ಅದನ್ನೆಲ್ಲ ಬರೆಯಲು ನನ್ನ ಪೆನ್ನೇ ಬೇಕಾಯಿತು.

ಗಾರ್ಡ್ ಬಂದ ದಿನ ಮುನಿಲಕ್ಷ್ಮಿ ಅದರ ಸಂದಿಗೆ ಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ. ಅವತ್ತು ಚೀಲದಲ್ಲಿದ್ದ ನಿಂಬೆಹಣ್ಣನ್ನು ಚಿತ್ರಾನ್ನಕ್ಕೆ ಹಿಂಡಿಕೊಂಡು, ನನಗೂ ಒಂದು ತುತ್ತು ಕೊಟ್ಟಳು.