ಹತ್ತು ಶೇಕಡದ ಪುಟ

ನಮ್ಮ ಕಂಪನಿಯ ಯಜಮಾನರದು ಮೂರು ವರ್ಷದಿಂದ ಒಂದೇ ಮಂತ್ರ: "ಡೀಸೆಲ್ ತಿಂದುಹಾಕ್ತಿದೆ ಕಣ್ರಪ್ಪಾ." ಸಂಬಳ ಹೆಚ್ಚಿಸಿ ಎಂದು ಯಾರು ಬಾಯಿ ತೆರೆದರೂ ಇದೇ ಉತ್ತರ. ತಲೆನೋವಿಗೆ ರಜೆ ಕೇಳಿದರೂ ಡೀಸೆಲ್ ಅಡ್ಡ ಬರುತ್ತಿತ್ತು.

ನಮ್ಮದು ಕೆರೆಗಳ ಹೂಳೆತ್ತುವ ಸಣ್ಣ ಕಂಪನಿ. ಒಂದು ಕೆಲಸಕ್ಕೆ ಎಷ್ಟು ಖರ್ಚಾಗುತ್ತದೆಂದು ಅಂದಾಜು ಕಟ್ಟುವವಳು ನಾನು. ಕೆರೆಯಲ್ಲಿ ಇಳಿದು ಅಗೆಯುವ ಯಂತ್ರ ಓಡಿಸುವವರ ಮುಖಂಡ ನನ್ನ ಗಂಡ. ಹತ್ತು ಶೇಕಡ ಸಂಬಳ ಹೆಚ್ಚಿಸಿ ಎಂದು ಮೂರು ವರ್ಷದಿಂದ ಕೇಳಿ ಕೇಳಿ ಅವರ ಗಂಟಲು ಒಣಗಿತ್ತು. ಈ ಸಲ ಖಡಾಖಂಡಿತವಾಗಿ ಹೇಳಿದ್ದರು: "ಆಗಲ್ಲ ಅಂದ್ರೆ ನಾನು ಕಲ್ಲುಗಣಿಗೆ ಹೋಗ್ತೀನಿ ಕಣೇ. ಅಲ್ಲಿ ಒಳ್ಳೆ ಸಂಬಳ ಕೊಡ್ತಾರೆ." ಗಣಿ ಎರಡು ದಿನದ ದಾರಿ. ಹೋದರೆ ವರ್ಷಕ್ಕೆ ಎರಡು ಸಲ ಮನೆ.

ಹೊಸ ಕೆರೆಯ ಟೆಂಡರಿಗೆ ಒಂದು ಪುಟ ಹೆಚ್ಚಾಗಿ ಕೇಳಿದ್ದರು. ಡೀಸೆಲ್ ಹತ್ತು ಶೇಕಡ ಏರಿದರೆ ಒಟ್ಟು ಖರ್ಚು ಎಷ್ಟಾಗುತ್ತದೆ, ಸಂಬಳ ಹತ್ತು ಶೇಕಡ ಏರಿದರೆ ಎಷ್ಟಾಗುತ್ತದೆ, ತೋರಿಸಿ ಎಂದು. ಯಜಮಾನರು ಈ ಕೆಲಸವನ್ನು ತಮ್ಮ ಅಳಿಯಂದಿರಿಗೆ ಒಪ್ಪಿಸಿದರು. ಮಗಳ ಮದುವೆಯಾಗಿ ಎಂಟು ತಿಂಗಳಾಗಿತ್ತು, ಅವರಿಗೂ ಏನಾದರೂ ಕೆಲಸ ಬೇಕಲ್ಲ. ಅಳಿಯಂದಿರು ಕಂಪ್ಯೂಟರಿನಲ್ಲಿ ಏಳು ಬಣ್ಣದ ಪಟ್ಟಿ ಮಾಡಿದರು. ಲೆಕ್ಕ ಮಾತ್ರ ನನ್ನದೇ: ಡೀಸೆಲ್ ಅರವತ್ತು ಲಕ್ಷ, ಸಂಬಳ ಕೂಲಿ ನಲವತ್ತು, ಟಿಪ್ಪರ್ ಬಾಡಿಗೆ ಮತ್ತು ಯಂತ್ರಗಳ ರಿಪೇರಿ ಎಂಬತ್ತೈದು, ಇತರೆ ಹದಿನೈದು. ಒಟ್ಟು ಇನ್ನೂರು. ನಾವು ಬರೆಯಲಿದ್ದ ದರ ಇನ್ನೂರ ಹತ್ತು, ಅಂದರೆ ಲಾಭ ಹತ್ತು ಲಕ್ಷ. ಒಮ್ಮೆ ಬರೆದ ದರ ಕೆಲಸ ಮುಗಿಯುವವರೆಗೆ ಬದಲಾಗದು.

ಮಂಗಳವಾರ ಬೆಳಿಗ್ಗೆ ಸಭೆ. ಯಜಮಾನರು ನನ್ನ ಗಂಡನನ್ನೂ ಬೇಕೆಂದೇ ಕರೆಸಿದ್ದರು. ಡೀಸೆಲ್ಲಿನ ಪ್ರತಾಪವನ್ನು ಕಣ್ಣಾರೆ ತೋರಿಸಿ ಬಾಯಿ ಮುಚ್ಚಿಸುವ ಹಂಚಿಕೆ.

ಅಳಿಯಂದಿರು ಡೀಸೆಲ್ ದರಕ್ಕೆ ಹತ್ತು ಶೇಕಡ ಸೇರಿಸಿದರು. ಗೋಡೆಯ ಮೇಲೆ ಮೂಡಿದ್ದ ಪಟ್ಟಿಯಲ್ಲಿ ಇನ್ನೂರು ಹೋಗಿ ಇನ್ನೂರ ಆರಾಯಿತು. ಲಾಭ ಹತ್ತರಿಂದ ನಾಲ್ಕಕ್ಕೆ ಬಿತ್ತು.

"ನೋಡಿದ್ಯಾ? ನಾನು ಬಡ್ಕೊಂಡಿದ್ದು ಇದನ್ನೇ" ಎಂದು ಯಜಮಾನರು ನನ್ನ ಗಂಡನ ಕಡೆ ತಿರುಗಿ ಮೀಸೆ ತೀಡಿದರು. "ಈಗ ಸಂಬಳದ್ದು ಹಾಕಿ ಅಳಿಯಂದ್ರೇ."

ಅಳಿಯಂದಿರು ಡೀಸೆಲನ್ನು ಮೊದಲಿದ್ದಲ್ಲಿಗೆ ಇಳಿಸಿ, ದಿನಗೂಲಿ ದರಕ್ಕೆ ಹತ್ತು ಶೇಕಡ ಸೇರಿಸಿದರು. ಒಟ್ಟು ಇನ್ನೂರು ಇನ್ನೂರೇ ಆಗಿ ಕೂತಿತು. ಇನ್ನೊಮ್ಮೆ ಒತ್ತಿದರು. ಇನ್ನೂರು.

"ಇದೇನು, ಅಲ್ಲಾಡ್ತಾನೇ ಇಲ್ಲ?"

ಗೊತ್ತಿಲ್ಲ ಎನ್ನಲು ಅಳಿಯತನ ಬಿಡಬೇಕಲ್ಲ. "ಅದು ಹಾಗೇ ಮಾವ. ಈ ಬಜೆಟ್ಟಿಗೆ ಸಂಬಳದ ಪರಿಣಾಮ ತಟ್ಟಲ್ಲ" ಎಂದುಬಿಟ್ಟರು.

ಯಜಮಾನರು ಪೆನ್ನು ತೆಗೆದರು. ಖರ್ಚಿಲ್ಲದೆ ಧರ್ಮರಾಯನಾಗುವ ಅವಕಾಶ ದಿನಾ ಸಿಗುತ್ತದೆಯೇ? "ಹಂಗಾದ್ರೆ ತಗೋ, ಹತ್ತು ಶೇಕಡ! ಹೊಸ ಕೆರೆಯಿಂದಲೇ ಜಾರಿ!" ಎಂದು ಅಲ್ಲೇ ಕಾಗದಕ್ಕೆ ಸಹಿ ಹಾಕಿದರು. ನನ್ನ ಗಂಡನ ಕಣ್ಣು ತುಂಬಿತು. ನಾನು ಮಾತ್ರ ಗೋಡೆಯ ಮೇಲಿನ ನಲವತ್ತನ್ನೇ ನೋಡುತ್ತಿದ್ದೆ.

ಯಾಕೆಂದರೆ ತಪ್ಪು ನನ್ನದು. ಹಿಂದಿನ ದಿನ ಪಟ್ಟಿಯ ಸಂಬಳದ ಚೌಕದಲ್ಲಿ ಅಳಿಯಂದಿರ ಸೂತ್ರ ಕೆಟ್ಟು, ಅಂಕಿಯ ಬದಲು ಏನೇನೋ ಚಿಹ್ನೆ ತೋರಿಸುತ್ತಿತ್ತು. "ಪ್ರಿಂಟ್ ಎಲ್ಲಿ, ಪ್ರಿಂಟ್ ಎಲ್ಲಿ" ಎಂದು ಯಜಮಾನರು ತಲೆ ತಿನ್ನುತ್ತಿದ್ದರು. ನಾನು ಸೂತ್ರವನ್ನು ಅಳಿಸಿ ನಲವತ್ತು ಎಂದು ಕೈಯಾರೆ ಒತ್ತಿದ್ದೆ, ಆಮೇಲೆ ಮರೆತಿದ್ದೆ. ದಿನಗೂಲಿಯನ್ನು ದುಪ್ಪಟ್ಟು ಮಾಡಿದರೂ ಆ ನಲವತ್ತು ನಲವತ್ತೇ.

ಮೆಟ್ಟಿಲ ಬಳಿ ಗಂಡನನ್ನು ನಿಲ್ಲಿಸಿ ಎಲ್ಲ ಹೇಳಿದೆ. ಅವರು ನನ್ನ ಬಾಯಿಗೇ ಕೈ ಅಡ್ಡ ಹಿಡಿದರು.

"ಸುಮ್ನಿರೇ ಮಾರಾಯ್ತಿ! ಸಹಿ ಆಗಿದೆ. ನಾನು ಗಣಿಗೆ ಹೋಗ್ಲಾ?"

"ರೀ, ನಿಮ್ಮ ಹೆಚ್ಚಳಕ್ಕೇ ನಾಲ್ಕು ಲಕ್ಷ. ಲಾಭ ಆರಕ್ಕಿಳೀತು. ಆಮೇಲೆ ಡೀಸೆಲ್ಲೂ ಹತ್ತು ಶೇಕಡ ಏರಿದ್ರೆ ಇನ್ನೊಂದಾರು ಹೋಯ್ತು. ಸೊನ್ನೆ! ಕಂಪನಿ ಬಾಗಿಲು ಹಾಕಿದ್ರೆ ನೀವೊಬ್ರೇ ಅಲ್ಲ, ಎಲ್ರೂ ಗಣಿಗೇ."

ಅವರು ನನ್ನನ್ನು ಮೆಟ್ಟಿಲ ಮರೆಗೆ ಕರೆದರು. ಆಮೇಲೆ ಮೆಲ್ಲಗೆ, "ಒಂದು ಮಾತು ಹೇಳ್ತೀನಿ, ಬೈಬಾರ್ದು" ಎಂದರು. "ಮುಂದಿನ ಟಿಪ್ಪರ್ ಬರೋವರೆಗೂ ನಾವು ಎಂಜಿನ್ ಆಫ್ ಮಾಡಲ್ಲ. ಸುಮ್ನೆ ಉರಿಯುತ್ತೆ. ಮೊದ್ಲು ಆಫ್ ಮಾಡ್ತಿದ್ವಿ. ಸಂಬಳ ಏರಿಸಲ್ಲ ಅಂದ್ರಲ್ಲ, ಆವತ್ತಿಂದ ಬಿಟ್ವಿ. ಅವರ ಡೀಸೆಲ್, ಅವರೇ ಅಳಲಿ ಅಂತ."

ಬೈಯಬಾರದೆಂದು ಹೇಳಿದ್ದಕ್ಕೇ ಎರಡರಷ್ಟು ಬೈದೆ. ನನಗೆ ಹೊಟ್ಟೆ ಉರಿದದ್ದು ಡೀಸೆಲ್ಲಿಗಲ್ಲ. ಹತ್ತು ಲೋಡು ಹೂಳಿಗೆ ಹದಿನಾಲ್ಕು ಲೀಟರ್ ಇದ್ದದ್ದು ಹದಿನೈದಾದಾಗ ಯಂತ್ರಗಳಿಗೆ ವಯಸ್ಸಾಯಿತೆಂದುಕೊಂಡು, ಮೂರು ವರ್ಷ ಪ್ರತಿ ಅಂದಾಜಿನಲ್ಲೂ ಹದಿನೈದೇ ಬರೆದಿದ್ದೆ. ಮನೆಯಲ್ಲಿ ಪಕ್ಕದಲ್ಲೇ ಕೂತು ಅನ್ನ ತಿನ್ನುವ ಮನುಷ್ಯನ ಸಿಟ್ಟನ್ನು ನಾನು ಯಂತ್ರದ ಖರ್ಚೆಂದು ಲೆಕ್ಕ ಹಾಕುತ್ತಿದ್ದೆ!

ನೇರ ಯಜಮಾನರ ಕೋಣೆಗೆ ಹೋದೆ. ಗಂಡ ಹಿಂದೆಯೇ ಬಂದರು. ಸೂತ್ರ ಸರಿಮಾಡಿ ಮತ್ತೆ ಹತ್ತು ಶೇಕಡ ಸೇರಿಸಿ ತೋರಿಸಿದೆ. ಇನ್ನೂರ ನಾಲ್ಕು.

ಯಜಮಾನರ ಕೈ ಸಹಿಯಾದ ಕಾಗದದ ಕಡೆ ಹೋಯಿತು. ಅಳಿಯಂದಿರು ಕಿಟಕಿಯಾಚೆ ಏನೋ ಮುಖ್ಯವಾದದ್ದನ್ನು ನೋಡುತ್ತಿದ್ದರು.

"ತಡೀರಿ ಸಾರ್. ಈ ಪಟ್ಟಿ ಒಂದು ಏರಿದಾಗ ಇನ್ನೊಂದು ಅಲ್ಲಾಡಲ್ಲ ಅಂತ ಅಂದುಕೊಳ್ಳುತ್ತೆ. ನಮ್ಮಲ್ಲಿ ಅಲ್ಲಾಡುತ್ತೆ" ಎಂದು ಹದಿನೈದು ಲೀಟರ್ ಇದ್ದಲ್ಲಿ ಹದಿನಾಲ್ಕು ಹಾಕಿದೆ. ಡೀಸೆಲ್ ಅರವತ್ತರಿಂದ ಐವತ್ತಾರಕ್ಕೆ ಇಳಿಯಿತು. ಒಟ್ಟು ಇನ್ನೂರು. "ಲಾಭ ಮತ್ತೆ ಹತ್ತೇ."

"ಹದಿನಾಲ್ಕರಲ್ಲಿ ಆಗುತ್ತೇನಯ್ಯಾ?" ಯಜಮಾನರು ನನ್ನ ಗಂಡನನ್ನು ಕೇಳಿದರು.

"ಆಗುತ್ತೆ ಸಾರ್. ಬರೆದು ಕೊಡ್ತೀನಿ."

"ಮತ್ತೆ ಮೂರು ವರ್ಷ ಯಾಕಾಗ್ಲಿಲ್ಲ?"

"ಮೂರು ವರ್ಷ ನೀವೂ ಆಗಲ್ಲ ಅಂದ್ರಲ್ಲ ಸಾರ್."

ಯಜಮಾನರ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು. ವರ್ಷಕ್ಕೊಂದು ಕೆರೆ, ಕೊಡದೆ ಉಳಿಸಿದ ನಾಲ್ಕು ಲಕ್ಷ ಪ್ರತಿ ಸಲವೂ ಹೊಗೆಯಾಗಿ ಹೋಗಿದೆ ಎಂದು ಲೆಕ್ಕ ಹಾಕಲು ಅವರಿಗೆ ಬಣ್ಣದ ಪಟ್ಟಿ ಬೇಕಾಗಲಿಲ್ಲ. ಹದಿನಾಲ್ಕು ಲೀಟರಿನ ಷರತ್ತನ್ನು ಕಾಗದದ ಕೆಳಗೆ ಬರೆಸಿಕೊಂಡು ಸಹಿ ಹಾಗೇ ಉಳಿಸಿದರು.

"ಮೇಡಂ, ನೀವು ಪ್ರಾಮಾಣಿಕರು. ನಿಮ್ಮಂಥವರು ಇರೋದು ಕಂಪನಿಯ ಪುಣ್ಯ" ಎಂದು ನನಗೂ ಒಂದು ಹೊಗಳಿಕೆ ಕೊಟ್ಟರು. ಗಂಡ ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದು ಹೋದರು. ಗಣಿ ತಪ್ಪಿತು. ನನಗೂ ಜೀವ ಬಂದಂತಾಯಿತು, ಸುಳ್ಳು ಯಾಕೆ ಹೇಳಲಿ.

ಟೆಂಡರಿನ ಪುಟ ಸರಿಮಾಡಲು ಕೂತೆ. ಡೀಸೆಲ್ಲಿನ ಸಾಲು ಸರಿ, ಸಂಬಳದ ಸಾಲು ಸರಿ. ಅಂದಾಜು ಕಟ್ಟುವವಳ ಸಂಬಳ ಆ ಸಾಲಿನಲ್ಲಿ ಬರುವುದಿಲ್ಲ. ಅದು "ಇತರೆ" ಎಂಬಲ್ಲಿ, ಕಾಗದ, ಚಹಾ ಪುಡಿ ಮತ್ತು ನೆಲ ಒರೆಸುವ ಫಿನಾಯಿಲ್ ಜೊತೆ ಇದೆ. ಆ ಸಾಲಿಗೆ ಹತ್ತು ಶೇಕಡ ಸೇರಿಸಿದರೆ ಏನಾಗುತ್ತದೆಂದು ಟೆಂಡರಿನವರೂ ಕೇಳಿಲ್ಲ, ಯಜಮಾನರೂ ಕೇಳಿಲ್ಲ, ಶಿಳ್ಳೆ ಹಾಕಿಕೊಂಡು ಹೋದ ನನ್ನ ಗಂಡನೂ ಕೇಳಿಲ್ಲ. ಬಿಟ್ಟಿ ಉರಿಸೋಣವೆಂದರೆ ನನ್ನ ಮೇಜಿಗೆ ಎಂಜಿನ್ನೂ ಇಲ್ಲ.