ಅಗಿಯದ ದಿನಗಳು

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತರೆಂದರೆ ಸಾಕು, ಅತ್ತೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಅಜ್ಜಿ, ನಾಟಕ ಸಾಕು. ತಲೆನೋವು ಇದೆಯಾ? ಕೀಲು ಎಲ್ಲಾದರೂ ಊದಿದೆಯಾ? ಕೆಮ್ಮು? ಅಗಿಯುವಾಗ ದವಡೆ ನೋಯುತ್ತಾ?"

"ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ಲಾ?" ಅತ್ತೆ ಒಂದು ಕಣ್ಣು ತೆರೆದು ಸೊಸೆಯ ಕಡೆ ನೋಡಿದಳು. "ಪಾಪ, ಈ ವಯಸ್ಸಿಗೇ ಇವರಿಗೆ ಮರೆವು ಕಣೆ. ಜ್ವರ ಬಂದ್ರೆ ತಲೆ ನೋಯದೆ ಇರತ್ತಾ ತಾಯಿ? ಮಿಕ್ಕಿದ್ದು ಯಾವುದೂ ಇಲ್ಲ."

ಡಾಕ್ಟರಮ್ಮ ನಕ್ಕರು, ಆದರೆ ಕೈ ನಿಲ್ಲಿಸಲಿಲ್ಲ. ಕುತ್ತಿಗೆ, ಕಂಕುಳು, ಹೊಟ್ಟೆ, ಉಗುರಿನ ಬುಡ, ಕಣ್ಣಿನ ಒಳರೆಪ್ಪೆ, ಎಲ್ಲವನ್ನೂ ಹೊಸದಾಗಿ ನೋಡುವವರಂತೆ ನೋಡಿದರು. ಸೊಸೆ ಮಂಚದ ಕಾಲಬುಡದಲ್ಲಿ ನಿಂತು ಅವರ ಮುಖವನ್ನೇ ಓದುತ್ತಿದ್ದಳು. ಅಲ್ಲಿ ಏನೂ ಬರೆದಿರಲಿಲ್ಲ.

ಜ್ವರ ಹಿಡಿದು ತಿಂಗಳ ಮೇಲಾಗಿತ್ತು. ಮೇಕೆಗಳು ಹಟ್ಟಿಗೆ ಮರಳುವ ಹೊತ್ತಿಗೆ ಸರಿಯಾಗಿ ಮೈ ಬೆಚ್ಚಗಾಗುವುದು, ಸುಡುವುದು, ಬೆಳಗಿನ ಜಾವ ಹಾಸಿಗೆ ಹಿಂಡುವಷ್ಟು ಬೆವರಿ ಇಳಿಯುವುದು. ಮೇಕೆಯ ಹಿಂದೆ ಗುಡ್ಡ ಹತ್ತುತ್ತಿದ್ದ ಹೆಂಗಸು ಈಗ ಬಚ್ಚಲಿಗೆ ಹೋಗಲೂ ಸೊಸೆಯ ಹೆಗಲು ಬೇಡುತ್ತಿದ್ದಳು. ಊರಿನ ಔಷಧಿ ಅಂಗಡಿಯವನು ಬಣ್ಣ ಬಣ್ಣದ ಮಾತ್ರೆ ಕೊಟ್ಟು ನೋಡಿದ್ದ. ಈ ಆಸ್ಪತ್ರೆಗೆ ಬಂದ ದಿನವೇ ಡಾಕ್ಟರಮ್ಮ ಅವನ್ನೆಲ್ಲ ನಿಲ್ಲಿಸಿದ್ದರು. ಕೆಲವರಿಗೆ ಔಷಧಿಯಿಂದಲೇ ಜ್ವರ ಬರುತ್ತದಂತೆ. ಅದಲ್ಲವೆಂದು ಖಾತ್ರಿಯಾದ ಮೇಲೆ ಬೇರೆ ಬೇರೆ ಕಡೆಯಿಂದ ರಕ್ತ ತೆಗೆದು ಕ್ರಿಮಿ ಬೆಳೆಯುತ್ತದೆಯೇ ಎಂದು ಇಟ್ಟರು. ಮಲೇರಿಯಾ ನೋಡಿದರು. ಎದೆಯ ಫೋಟೋ, ಹೊಟ್ಟೆಯ ಸ್ಕ್ಯಾನ್, ಹೃದಯದ ಕವಾಟಗಳ ಪರೀಕ್ಷೆ, ಕಫ, ಮೂತ್ರ. ಮೇಕೆ ಸಾಕಿದವರೆಂದು ತಿಳಿದು ಮೇಕೆಯಿಂದ ಬರುವ ಜ್ವರಕ್ಕೆ ಬೇರೆಯೇ ಪರೀಕ್ಷೆ. ಎಲ್ಲೂ ಏನೂ ಇಲ್ಲ. ರಕ್ತ ಕಡಿಮೆ ಇದೆ, ಉರಿಯೂತ ಅಳೆಯುವ ಇಎಸ್ಆರ್ ನೂರು ದಾಟಿದೆ, ಒಳಗೆಲ್ಲೋ ಉರಿಯುತ್ತಿದೆ ಎನ್ನುವುದು ಮಾತ್ರ ಗೊತ್ತು. ಜ್ವರ ಏರಿದಾಗ ಒಂದು ಪ್ಯಾರಾಸಿಟಮಾಲ್ ಬಿಟ್ಟರೆ ಔಷಧಿಯ ಹೆಸರೇ ಇಲ್ಲ.

ಅದನ್ನೇ ಮಗನಿಗೆ ಸಹಿಸಲಾಗುತ್ತಿರಲಿಲ್ಲ. ಹಾಲಿನ ವ್ಯಾನು ಓಡಿಸುವ ಅವನನ್ನು ಊರವರು ಬಿರುಗಾಳಿ ಎಂದೇ ಕರೆಯುತ್ತಿದ್ದರು. ವಾರ್ಡಿನ ಬಾಗಿಲನ್ನು ಅವನು ತಳ್ಳಿದ ರೀತಿಗೆ ಪಕ್ಕದ ಮಂಚದ ಹೆಂಗಸು ಎದ್ದು ಕೂತಳು.

"ಡಾಕ್ಟ್ರೇ, ಇವತ್ತು ಒಂದು ತೀರ್ಮಾನ ಆಗ್ಬೇಕು. ಅಂಗಡಿಯವನು ಹೇಳ್ತಾನೆ, ಟೀಬಿ ಮಾತ್ರೆ ಶುರು ಮಾಡಿ ನೋಡಿ, ಇಲ್ಲಾ ಒಂದು ಸ್ಟೀರಾಯ್ಡ್ ಹಾಕಿ, ಎದ್ದು ಕೂರ್ತಾರೆ ಅಂತ. ನೀವು ಬರೀ ರಕ್ತ ಹೀರ್ತಾ ಇದ್ದೀರಿ."

"ಎದ್ದು ಕೂತರೂ ಕೂರಬಹುದು," ಡಾಕ್ಟರಮ್ಮ ಎದ್ದು ನಿಂತರು. "ನಿಮ್ಮ ಹಟ್ಟಿಗೆ ರಾತ್ರಿ ಕಳ್ಳ ಬಂದಿದ್ದ ಅಂದ್ಕೊಳ್ಳಿ. ಬೆಳಿಗ್ಗೆ ಎದ್ದು ಮೊದಲು ಅಂಗಳ ಗುಡಿಸ್ತೀರಾ, ಹೆಜ್ಜೆ ಗುರುತು ನೋಡ್ತೀರಾ?"

ಬಿರುಗಾಳಿ ಮಂಚದ ಸರಳು ಹಿಡಿದುಕೊಂಡ.

"ಏನು ಅಂತ ಗೊತ್ತಿಲ್ಲದೆ ಔಷಧಿ ಕೊಡೋದು ಅಂದ್ರೆ ಅಂಗಳ ಗುಡಿಸೋದು. ಜ್ವರ ಒಂದಿಷ್ಟು ದಿನ ಅಡಗತ್ತೆ, ಕಳ್ಳ ಒಳಗೇ ಇರ್ತಾನೆ. ಸೋಂಕು ಇದ್ದು ಸ್ಟೀರಾಯ್ಡ್ ಕೊಟ್ರೆ ಅದು ಮೈಯೆಲ್ಲ ಹಬ್ಬತ್ತೆ. ಕ್ಯಾನ್ಸರ್ ಗಂಟು ಇದ್ರೆ ಕಣ್ಣಿಗೆ ಕಾಣದ ಹಾಗೆ ಕುಗ್ಗತ್ತೆ. ಬಿಪಿ ಬಿದ್ರೆ, ಅವರು ಕುಸಿದ್ರೆ, ನಾನು ಒಂದು ನಿಮಿಷ ಕಾಯಲ್ಲ. ಈಗ ಕಾಯೋಕೆ ಆಗತ್ತೆ, ಅದಕ್ಕೇ ಕಾಯ್ತಾ ಇದ್ದೀನಿ."

"ನೀವು ಕಾಯಿರಿ. ನಮ್ಮಮ್ಮ ಕರಗಿ ಹೋಗ್ತಾ ಇದ್ದಾಳೆ." ಅವನು ಹೆಂಡತಿಯ ಕಡೆ ತಿರುಗಿದ. "ಬಟ್ಟೆಬರೆ ಕಟ್ಟು. ಮಧ್ಯಾಹ್ನದೊಳಗೆ ವ್ಯಾನು ತರ್ತೀನಿ. ಬಂದ ದಿನವೇ ಇಂಜೆಕ್ಷನ್ ಕೊಡೋ ಡಾಕ್ಟರು ಬೇಕಾದಷ್ಟು ಜನ ಇದ್ದಾರೆ."

ಅವನು ಬಂದಂತೆಯೇ ಹೋದ. ಸೊಸೆಗೆ ಡಾಕ್ಟರಮ್ಮನ ಮುಖ ನೋಡಲು ನಾಚಿಕೆಯಾಯಿತು. ಗಂಡನ ಮಾತು ತಪ್ಪೆನ್ನಲೂ ಬಾಯಿ ಬರಲಿಲ್ಲ. ನಿನ್ನೆ ಮೈ ಒರೆಸುವಾಗ ಅತ್ತೆಯ ಪಕ್ಕೆಲುಬು ಒಂದೊಂದೂ ಬಟ್ಟೆಗೆ ತಡೆದಿತ್ತು. ಅವಳು ಸುಮ್ಮನೆ ಬಗ್ಗಿ, ಫ್ಲಾಸ್ಕಿನಿಂದ ಲೋಟಕ್ಕೆ ಗಂಜಿ ಬಗ್ಗಿಸಿದಳು.

ಹೊರಟಿದ್ದ ಡಾಕ್ಟರಮ್ಮ ನಿಂತರು.

"ಏನದು?"

"ಗಂಜಿ. ಅರೆದು, ಸೋಸಿ ತರ್ತೀನಿ. ಅದೊಂದೇ ಅವರ ಗಂಟಲಲ್ಲಿ ಇಳಿಯೋದು."

"ಯಾವಾಗಿನಿಂದ?"

"ಜ್ವರ ಬಂದಾಗಿನಿಂದ. ರೊಟ್ಟಿ ಅರ್ಧಕ್ಕೇ ಬಿಡೋರು, ಅನ್ನಾನೂ ಬೇಡ ಅನ್ನೋರು. ಬಾಯಿ ರುಚಿ ಕೆಟ್ಟಿದೆ, ಸುಸ್ತಿನಲ್ಲಿ ಅಗಿಯೋ ಶ್ರಮ ಯಾಕೆ ಅಂತ ನಾನೇ ಅರೆದು ಕೊಡ್ತಾ ಬಂದೆ."

ಡಾಕ್ಟರಮ್ಮ ನಿಧಾನವಾಗಿ ಮತ್ತೆ ಸ್ಟೂಲಿನ ಮೇಲೆ ಕೂತರು. "ಅಂದ್ರೆ, ಇವರು ಏನನ್ನಾದ್ರೂ ಅಗಿದು ತಿಂಗಳಾಯ್ತು."

"ಹೌದು."

"ನಾನು ದಿನಾ ಕೇಳ್ತೀನಿ, ಅಗಿಯುವಾಗ ನೋಯುತ್ತಾ ಅಂತ. ಇವರು ದಿನಾ ಇಲ್ಲ ಅಂತಾರೆ. ಸುಳ್ಳಲ್ಲ ಅದು. ಅಗಿದೇ ಇಲ್ಲವಲ್ಲ! ಏನು ತಿಂತೀರಿ ಅಂತ ನಾನೇ ಕೇಳಿರಲಿಲ್ಲ."

ಪಕ್ಕದ ಮಂಚದ ಹೆಂಗಸಿನ ತಲೆದಿಂಬಿನ ಕೆಳಗೆ ಹುರಿದ ಕಡಲೆಕಾಯಿಯ ಪೊಟ್ಟಣವಿತ್ತು. ಡಾಕ್ಟರಮ್ಮ ಕೈಚಾಚಿದರು. ಅವಳು ಕಳವಿನಲ್ಲಿ ಸಿಕ್ಕಿಬಿದ್ದವಳ ಹಾಗೆ ಪೊಟ್ಟಣ ಒಪ್ಪಿಸಿದಳು.

"ಅಜ್ಜಿ, ಇದನ್ನ ಅಗಿತಾ ಇರಿ. ನುಂಗೋಕೆ ಅವಸರ ಬೇಡ."

"ಹಲ್ಲು ಗಟ್ಟಿ ಇದೆ ತಾಯಿ ನಂದು, ಬೇಕಾದ್ರೆ ಕಲ್ಲು ಕೊಡು," ಎಂದು ಅತ್ತೆ ಅಗಿಯತೊಡಗಿದಳು. ಸ್ವಲ್ಪ ಹೊತ್ತು ಚೆನ್ನಾಗಿಯೇ ಅಗಿದಳು. ಆಮೇಲೆ ದವಡೆ ನಿಧಾನವಾಯಿತು. ಕೈ ತಾನಾಗಿ ಕೆನ್ನೆಗೆ ಹೋಯಿತು.

"ಏನಾಯ್ತು?"

"ಇಲ್ಲಿ ಹಿಡಿದುಕೊಂಡಂಗೆ... ಗುಡ್ಡ ಹತ್ತುವಾಗ ಮೀನಖಂಡ ಹಿಡಿಯತ್ತಲ್ಲ, ಹಂಗೆ." ಅಗಿಯುವುದನ್ನು ನಿಲ್ಲಿಸಿದಳು. "ಈಗ ಬಿಡ್ತು." ಮತ್ತೆ ಅಗಿದಳು. ಮತ್ತೆ ಹಿಡಿಯಿತು.

"ತಲೆ ಬಾಚಿಸಿಕೊಳ್ತೀರಾ?"

ಇದಕ್ಕೆ ಸೊಸೆಯೇ ಬಾಯಿ ಹಾಕಿದಳು. "ಬಾಚಣಿಗೆ ತಂದ್ರೆ ಬೇಡ ಬಿಡು ಅಂತಾರೆ. ಸುಸ್ತು ಅಂದ್ಕೊಂಡೆ."

"ಕೂದಲ ಬುಡವೆಲ್ಲ ಹುಣ್ಣಾದಂಗೆ ಇರತ್ತೆ," ಅತ್ತೆ ತಪ್ಪೊಪ್ಪಿಕೊಂಡಂತೆ ಹೇಳಿದಳು. "ಅದನ್ನೂ ಒಂದು ಕಾಯಿಲೆ ಅಂತ ಹೇಳ್ತಾರಾ?"

ಡಾಕ್ಟರಮ್ಮ ಹಣೆಯ ಎರಡೂ ಬದಿಗೆ, ಕಿವಿಯ ಮುಂದೆ, ಬೆರಳಿಟ್ಟರು. ಎಡಗಡೆ ಬೆರಳು ಬೇಗ ಸರಿಯಿತು. ಬಲಗಡೆ ನಿಂತಿತು. ಸೊಸೆಯ ಬೆರಳನ್ನೂ ಹಿಡಿದು ಅಲ್ಲಿಟ್ಟರು. ಚರ್ಮದ ಕೆಳಗೆ ಹುರಿಯಂಥದೊಂದು ಗಟ್ಟಿಯಾಗಿ ಹಾದುಹೋಗಿತ್ತು. ಮುಟ್ಟಿದ್ದಕ್ಕೇ ಅತ್ತೆ ಹಲ್ಲು ಕಚ್ಚಿದಳು.

"ಬಂದ ದಿನ ಇಲ್ಲಿ ಏನೂ ಸಿಕ್ಕಿರಲಿಲ್ಲ. ಇದು ತಲೆಗೆ ಹೋಗೋ ರಕ್ತನಾಳ, ಮಿಡೀಬೇಕು. ಮಿಡೀತಿಲ್ಲ. ಒಳಗೋಡೆ ಊದಿಕೊಂಡಿದೆ. ದವಡೆಯ ನಾಳವೂ ಹೀಗೇ ಆಗಿ, ಅಗಿಯುವಾಗ ರಕ್ತ ಸಾಲ್ತಿಲ್ಲ. ವಯಸ್ಸಾದವರಿಗೆ ಬರೋ ಕಾಯಿಲೆ ಇದು. ಸೋಂಕಲ್ಲ. ಜ್ವರಾನೂ ಇದರದ್ದೇ ಇರಬೇಕು." ಅವರ ದನಿ ತಗ್ಗಿತು. "ಕಣ್ಣಿಗೆ ಹೋಗೋ ನಾಳಕ್ಕೂ ಹೀಗೇ ಆಗಬಹುದು. ಅಜ್ಜಿ, ಕಣ್ಣು ಮಂಜಾಗಿತ್ತಾ? ಒಂದು ಎರಡಾಗಿ ಕಂಡಿತ್ತಾ?"

"ಇಲ್ಲಮ್ಮ."

"ಸರ್ಜನ್‌ಗೆ ಹೇಳಿ ಬರ್ತೀನಿ, ನಾಳದ ಚೂರು ತೆಗೆದು ನೋಡ್ಬೇಕು. ಔಷಧಿಯಂತೂ ಇವತ್ತೇ ಶುರು. ಕಣ್ಣಲ್ಲಿ ಏನೇ ಆದ್ರೂ ನನ್ನನ್ನ ಕೂಗು," ಎಂದು ಸೊಸೆಗೆ ಹೇಳಿ ಅವರು ಬಿರಬಿರನೆ ಹೋದರು.

ಸೊಸೆ ಕಿಟಕಿ ತೆರೆದಳು. ನಡುಹಗಲಿನ ಬಿಸಿಲು ಮಂಚದ ತನಕ ಬಂತು.

"ಯಾಕೆ ಮುಚ್ಚಿದೆ?" ಅಂದಳು ಅತ್ತೆ.

"ಏನನ್ನ ಅತ್ತೆ?"

"ಕಿಟಕಿ ಕಣೆ. ಈ ಕಡೆ ಕತ್ತಲಾಯ್ತಲ್ಲ." ಅತ್ತೆ ಬಲಗಣ್ಣನ್ನು ಉಜ್ಜಿಕೊಂಡಳು. "ಪರದೆ ಇಳಿಸಿದಂಗೆ ಇಳೀತು."

ಸೊಸೆ ಕೂಗಲಿಲ್ಲ, ಓಡಿದಳು. ಕಾರಿಡಾರಿನಲ್ಲಿ ಒಂದು ಚಪ್ಪಲಿ ಕಳಚಿ ಬಿತ್ತು. ಅವಳೂ ಡಾಕ್ಟರಮ್ಮನೂ ಮಂಚದ ಬಳಿ ಬರುವಷ್ಟರಲ್ಲಿ ಪರದೆ ಎದ್ದಿತ್ತು. ಕಿಟಕಿಯ ಸರಳು ಕಾಣುತ್ತದೆ ಎಂದಳು ಅತ್ತೆ. ಡಾಕ್ಟರಮ್ಮನ ಮುಖ ಮಾತ್ರ ಸಡಿಲವಾಗಲಿಲ್ಲ.

"ಸಿಸ್ಟರ್, ಸ್ಟೀರಾಯ್ಡ್ ಡ್ರಿಪ್. ಈಗಲೇ."

ಬಾಗಿಲು ಧಡಾರೆಂದಿತು. ವ್ಯಾನಿನ ಕೀ ಹಿಡಿದುಕೊಂಡು ಬಿರುಗಾಳಿ ನಿಂತಿದ್ದ. "ಏನು ಹಾಕ್ತಾ ಇದ್ದೀರಿ?"

ಡಾಕ್ಟರಮ್ಮ ನಾಲ್ಕೇ ಮಾತಿನಲ್ಲಿ ಹೇಳಿದರು. ಅವನು ಮಂಚಕ್ಕೆ ಅಡ್ಡ ಬಂದು ನಿಂತ.

"ಬೆಳಿಗ್ಗೆ ನಾನು ಕೇಳಿದ್ದೂ ಇದನ್ನೇ ಅಲ್ವಾ? ಆಗ ವಿಷ, ಈಗ ಅಮೃತವಾ? ಪರೀಕ್ಷೆ ಮಾಡದೆ ಔಷಧಿ ಇಲ್ಲ ಅಂದೋರು ನೀವು. ಸರಿ, ಆ ಚೂರು ತೆಗೀರಿ, ರಿಪೋರ್ಟ್ ತರಿಸಿ, ಆಮೇಲೆ ಹಾಕಿ. ನಮ್ಮಮ್ಮನ ಮೇಲೆ ಅಂದಾಜು ಪ್ರಯೋಗ ಬೇಡ."

"ರಿಪೋರ್ಟ್ ಬರೋದರೊಳಗೆ ಕಣ್ಣು ಹೋದ್ರೆ ತಿರುಗಿ ಬರಲ್ಲ. ಒಂದು ಹೋದ್ರೆ ಇನ್ನೊಂದೂ ಅದರ ಹಿಂದೆ ಹೋಗಬಹುದು." ಡಾಕ್ಟರಮ್ಮ ಅವನನ್ನು ಬಿಟ್ಟು ಮಂಚದ ಕಡೆ ಬಾಗಿದರು. "ಅಜ್ಜಿ, ಕಣ್ಣು ನಿಮ್ಮದು. ಸಕ್ಕರೆ ಏರಬಹುದು, ನಿದ್ದೆ ಕೆಡಬಹುದು, ಅದನ್ನ ನೋಡ್ಕೊಳ್ತೀವಿ. ಹಾಕ್ಲಾ?"

ಅತ್ತೆ ಮಗನನ್ನು ನೋಡಿದಳು, ಡಾಕ್ಟರಮ್ಮನನ್ನು ನೋಡಿದಳು, ಕೊನೆಗೆ ಸೊಸೆಯ ಕೈ ಹಿಡಿದುಕೊಂಡಳು. "ನೀನೇನಂತೀಯೆ?"

ಸೊಸೆ ಡಾಕ್ಟರಮ್ಮನ ಕಡೆ ತಿರುಗಿದಳು. ಗಂಡನ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ, ಅದೇ ಕಷ್ಟ. ಔಷಧಿ ಹೆಜ್ಜೆ ಗುಡಿಸುತ್ತದೆ ಎಂದವರೇ ಈಗ ಪೊರಕೆ ಹಿಡಿದಿದ್ದರು.

"ಡಾಕ್ಟರಮ್ಮ, ಈಗ ಹಾಕಿದ್ರೆ ಹೆಜ್ಜೆ ಅಳಿಸಿ ಹೋಗಲ್ವಾ?"

"ಇಲ್ಲ. ಈ ಕಳ್ಳನ ಹೆಜ್ಜೆ ಆಳ. ಡ್ರಿಪ್ ಹಾಕಿದ ಮೇಲೂ ಒಂದೆರಡು ವಾರ ನಾಳದಲ್ಲಿ ಗುರುತು ಉಳಿಯತ್ತೆ, ಚೂರು ತೆಗೆದರೆ ಕಾಣತ್ತೆ. ಕ್ರಿಮಿ ಪರೀಕ್ಷೆ ಎಲ್ಲ ಶುದ್ಧವಾಗಿ ಬಂದಿದೆ, ಅದಕ್ಕೇ ಇವತ್ತು ಕೊಡೋಕೆ ಧೈರ್ಯ ಇದೆ. ಮೊದಲ ದಿನ ಇರಲಿಲ್ಲ."

ಸೊಸೆ ತನ್ನ ಬೆರಳು ನೋಡಿಕೊಂಡಳು. ಆ ಹುರಿ ಇನ್ನೂ ಬೆರಳ ತುದಿಯಲ್ಲೇ ಇದ್ದಂತಿತ್ತು.

"ಹಾಕಿಸಿಕೊಳ್ಳಿ ಅತ್ತೆ," ಅಂದಳು. ಗಂಡನ ಕಡೆ ತಿರುಗಿದಾಗ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ರೀ, ಬೆಳಿಗ್ಗೆ ಕಾರಣ ಗೊತ್ತಿರಲಿಲ್ಲ. ಈಗ ನಾನೇ ಕೈಯಾರೆ ಮುಟ್ಟಿ ನೋಡಿದ್ದೀನಿ. ಸ್ವಲ್ಪ ಪಕ್ಕಕ್ಕೆ ಬನ್ನಿ, ಸಿಸ್ಟರ್‌ಗೆ ದಾರಿ ಬಿಡಿ."

ಬಿರುಗಾಳಿ ಬಾಯಿ ತೆರೆದ. "ಹಾಕಮ್ಮ," ಎಂದು ಅತ್ತೆ ತೋಳು ಚಾಚಿಯಾಗಿತ್ತು.

ಆ ಮಧ್ಯಾಹ್ನ ಉದ್ದಕ್ಕೂ ಸೊಸೆ ಅತ್ತೆಯ ಎಡಗಣ್ಣು ಮುಚ್ಚಿ ಬೆರಳು ತೋರಿಸುತ್ತ ಕೂತಳು. ಮೂರು. ಎರಡು. ಒಮ್ಮೆ ಅತ್ತೆ ತಡವರಿಸಿದಳು. ಸೊಸೆ ಸಿಸ್ಟರನ್ನು ಕರೆಯಲು ಎದ್ದಳು. "ಹೆಬ್ಬೆರಳೂ ಲೆಕ್ಕಕ್ಕೆ ಬರತ್ತೇನೆ?" ಎಂದಳು ಅತ್ತೆ. ಬಿಸಿಲು ಇಳಿಯಿತು, ಮೇಕೆಗಳು ಹಟ್ಟಿಗೆ ಮರಳುವ ಹೊತ್ತಾಯಿತು. ಸೊಸೆ ಹಣೆಯ ಮೇಲೆ ಕೈಯಿಟ್ಟು ಕಾದಳು. ಹಣೆ ಬೆಚ್ಚಗಾಯಿತು. ಆದರೆ ಸುಡಲಿಲ್ಲ. ಮರುದಿನ ಅದೇ ಹೊತ್ತಿಗೆ ಬೆಚ್ಚಗೂ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗ ವ್ಯಾನಿನ ಕೀ ಕಿಸೆಗೆ ಹಾಕಿಕೊಂಡು, ಯಾರೂ ಕೇಳದಿದ್ದರೂ, ಹಾಲಿನ ಸರದಿಗೆ ಬೇರೆಯವರನ್ನು ಹಾಕಿದ್ದೇನೆ ಅಂದ.

ನಾಳದ ಚೂರು ತೆಗೆದ ಜಾಗದಲ್ಲಿ ಕೂದಲಂಚಿಗೆ ಸಣ್ಣ ಪಟ್ಟಿ ಬಿತ್ತು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ಅದನ್ನು ಓದಿ, ಅದೇ ಕಾಯಿಲೆ, ಮಾತ್ರೆ ಬಹಳ ತಿಂಗಳು ನಡೆಯಬೇಕು, ಹೇಳದೆ ನಿಲ್ಲಿಸುವ ಹಾಗಿಲ್ಲ ಎಂದರು. ಕೊನೆಯ ಮಾತನ್ನು ಮಗನನ್ನೇ ನೋಡಿ ಹೇಳಿದರು. ಅವನು ಕಡಲೆಕಾಯಿ ಸುಲಿಯುತ್ತಿದ್ದವನು ತಲೆ ಎತ್ತದೆ ಹೂಂ ಅಂದ.

ಸೊಸೆ ಬಾಚಣಿಗೆ ಹಿಡಿದು ಅತ್ತೆಯ ಬೆನ್ನ ಹಿಂದೆ ಕೂತಿದ್ದಳು. ಪಟ್ಟಿಯಿಂದ ದೂರ, ಎಡಗಡೆಯ ಕೂದಲಿಗೆ ಹಲ್ಲು ತಗುಲಿಯೂ ತಗುಲದಂತೆ ಇಟ್ಟು, ಉಸಿರು ಹಿಡಿದು ಕಾದಳು.

"ಇದೇನು ಬಾಚೋದೋ, ನೊಣ ಓಡಿಸೋದೋ?" ಅಂದಳು ಅತ್ತೆ, ಬಾಯಿ ತುಂಬ ಅಗಿಯುತ್ತ. "ಎಳೆದು ಹೆಣಿ."